ಒಂದೇ ಪ್ರಶ್ನೆ ಕೇಳಿ, ಆರ್ಡರ್ ಕಳಿಸಿ

ಬುಧವಾರ ಸಂಜೆ ಬ್ಯಾಡಗಿಯ ಒಬ್ಬ ಮೆಣಸಿನಕಾಯಿ ವ್ಯಾಪಾರಿಗೆ ಹುಬ್ಬಳ್ಳಿಯಿಂದ ಒಂದು ಮೆಸೇಜ್ ಬರುತ್ತದೆ ಎಂದುಕೊಳ್ಳಿ. ಕಳಿಸಿದವರು ಮನೆಯಲ್ಲೇ ಮಸಾಲೆ ಪುಡಿ ಮಾಡಿ ಮಾರುವ ಅಕ್ಕ, ಹಳೆಯ ಗಿರಾಕಿ.

“ಅಣ್ಣಾರ, 50 ಕೆಜಿ ಮೆಣಸಿನಕಾಯಿ ಬೇಕಾಗೇತಿ. ಬಣ್ಣ ಚಲೋ ಇರ್ಲಿ. ಹಿಂದಿನ ಅಡ್ರೆಸ್ಸಿಗೇ ಶನಿವಾರದೊಳಗ ಕಳಸ್ರಿ.”

ಇದಕ್ಕೆ ಸಾಮಾನ್ಯವಾಗಿ ಹೋಗುವ ಉತ್ತರ ಹೀಗಿರುತ್ತದೆ: “ಯಾವ ಜಾತಿ ಬೇಕ್ರಿ? ತೊಟ್ಟು ತೆಗೆದದ್ದೋ ಇದ್ದದ್ದೋ? ರೇಟ್ ಎಷ್ಟರೊಳಗ? ಬಿಲ್ ಯಾರ ಹೆಸರಿಗೆ? ಯಾವ ಟ್ರಾನ್ಸ್‌ಪೋರ್ಟಿಗೆ ಹಾಕ್ಲಿ?” ಅಕ್ಕ ಒಲೆಯ ಮುಂದೆ ನಿಂತು ಓದುತ್ತಾರೆ. ಕೊನೆಯದು ಕಣ್ಣಿಗೆ ಬೀಳುತ್ತದೆ. “ಹಿಂದಿನ ಸಲದಂಗ ಹಾಕ್ರಿ” ಎಂದು ಬರೆದು ಫೋನ್ ಇಡುತ್ತಾರೆ. ಅದು ಟ್ರಾನ್ಸ್‌ಪೋರ್ಟಿಗೆ ಕೊಟ್ಟ ಉತ್ತರವೋ, ಐದಕ್ಕೂ ಕೊಟ್ಟದ್ದೋ? ವ್ಯಾಪಾರಿಗೆ ತಿಳಿಯುವುದಿಲ್ಲ. ಗುರುವಾರ ಬ್ಯಾಡಗಿಯಲ್ಲಿ ಮಾರುಕಟ್ಟೆ ದಿನ. ಅದು ತಪ್ಪಿದರೆ ಮುಂದಿನದು ಸೋಮವಾರ. ಅಷ್ಟರಲ್ಲಿ ಶನಿವಾರ ದಾಟಿರುತ್ತದೆ.

ಪ್ರಶ್ನೆಗಳು ಜಾಸ್ತಿಯಾದಾಗ ಜನ ಸುಲಭವಾದದ್ದಕ್ಕೋ ಕೊನೆಯದಕ್ಕೋ ಉತ್ತರ ಕೊಡುತ್ತಾರೆ. ಇಲ್ಲವೇ “ಆಮೇಲೆ ನೋಡೋಣ” ಎಂದು ಬಿಡುತ್ತಾರೆ. ಅದರಲ್ಲಿ ಅವರ ತಪ್ಪಿಲ್ಲ. ಯಾವುದು ನಿಜಕ್ಕೂ ಬೇಕು ಎಂದು ಆರಿಸುವ ಕೆಲಸ ಕೇಳುವವರದು.

ಮೊದಲು ಪಟ್ಟಿ ಕರಗಿಸಿ

ಏನಾದರೂ ಟೈಪ್ ಮಾಡುವ ಮೊದಲು ನಿಮಗೆ ಗೊತ್ತಿಲ್ಲದ್ದನ್ನೆಲ್ಲ ಚೀಟಿಯಲ್ಲಿ ಬರೆಯಿರಿ. ನಂತರ ಒಂದೊಂದನ್ನೇ ಹೊಡೆದುಹಾಕುತ್ತಾ ಬನ್ನಿ. ನಮ್ಮ ಉದಾಹರಣೆಯಲ್ಲಿ ಬಿಲ್ಲಿನ ಹೆಸರು ಹಿಂದಿನ ಬಿಲ್ಲಿನಲ್ಲೇ ಇದೆ. ಟ್ರಾನ್ಸ್‌ಪೋರ್ಟ್ ಯಾವುದು ಎಂಬುದು ಹಳೆಯ ರಸೀದಿಯಲ್ಲಿದೆ. ವಿಳಾಸ ಅವರೇ ಹೇಳಿದ್ದಾರೆ. ತೊಟ್ಟಿನ ವಿಷಯ ಮೆಸೇಜಿನಲ್ಲಿಲ್ಲ ನಿಜ. ಆದರೆ ಹಿಂದೆ ತೊಟ್ಟು ಇದ್ದದ್ದನ್ನೇ ಒಯ್ದಿದ್ದರೆ ಈಗಲೂ ಹಾಗೇ ಕಳಿಸಬಹುದು. ಬೇಡವಾದರೆ ಆಮೇಲೂ ತೊಟ್ಟು ಬಿಡಿಸಬಹುದು. ರೇಟ್ ಅಂತೂ ಜಾತಿ ಗೊತ್ತಾಗದೆ ಹೇಳಲು ಬರುವುದಿಲ್ಲ.

ಉಳಿದದ್ದು ಜಾತಿ ಒಂದೇ. ಬ್ಯಾಡಗಿಯಲ್ಲಿ ಮುಖ್ಯವಾಗಿ ಎರಡು ಬಗೆ ಸಿಗುತ್ತವೆ. ಡಬ್ಬಿ ಗಿಡ್ಡ, ದುಂಡಗೆ ಉಬ್ಬಿರುತ್ತದೆ, ಬೀಜ ಜಾಸ್ತಿ. ಕಡ್ಡಿ ಉದ್ದ, ತೆಳ್ಳಗೆ, ಬೀಜ ಕಡಿಮೆ. ಎರಡೂ ಕಡುಕೆಂಪು, ಎರಡರಲ್ಲೂ ಖಾರ ಕಡಿಮೆ. ಹಾಗಾಗಿ “ಬಣ್ಣ ಚಲೋ ಇರ್ಲಿ” ಎಂಬ ಮಾತಿನಿಂದ ಯಾವುದು ಬೇಕು ಎಂದು ಊಹಿಸಲು ಬರುವುದಿಲ್ಲ. ರೇಟಿನಲ್ಲೂ ಎರಡಕ್ಕೆ ವ್ಯತ್ಯಾಸವಿರುತ್ತದೆ. ಮೇಲಾಗಿ ಪುಡಿ ಮಾಡಿದ ಮೇಲೆ ತಪ್ಪಾಯಿತು ಎಂದರೆ ವಾಪಸ್ ಪಡೆಯುವ ಮಾತೇ ಇಲ್ಲ.

ಪ್ರತಿ ಸಾಲಿಗೂ ಇದೇ ಪರೀಕ್ಷೆ ಹಚ್ಚಿ. ಉತ್ತರ ಬದಲಾದರೆ ನಾನು ನಾಳೆ ಮಾಡುವ ಕೆಲಸ ಬದಲಾಗುತ್ತದಾ? ತಪ್ಪಾದರೆ ಸರಿಪಡಿಸಲು ಬರುವುದಿಲ್ಲವಾ? ಎರಡಕ್ಕೂ ಹೌದು ಎನಿಸಿದ್ದನ್ನು ಮಾತ್ರ ಕೇಳಿ.

ಗೊತ್ತಿರುವುದನ್ನು ಹೇಳಿಬಿಡಿ, ಗೊತ್ತಿಲ್ಲದ್ದನ್ನು ಕೊನೆಗೆ ಕೇಳಿ

ಹೊಡೆದುಹಾಕಿದ ಸಾಲುಗಳನ್ನು ಪೂರ್ತಿ ಮರೆಯಬೇಡಿ. ಅವುಗಳನ್ನು ಪ್ರಶ್ನೆಯಾಗಿ ಕೇಳದೆ ಹೇಳಿಕೆಯಾಗಿ ಬರೆಯಿರಿ. ತಪ್ಪಿದ್ದರೆ ಓದುವವರೇ ತಡೆದು ಹೇಳುತ್ತಾರೆ, ಸರಿಯಿದ್ದರೆ ಸುಮ್ನೆ ಮುಂದೆ ಹೋಗುತ್ತಾರೆ. ಆಮೇಲೆ ಈಗಲೇ ಏಕೆ ಬೇಕು ಎಂದು ಅರ್ಧ ಸಾಲು. ಪ್ರಶ್ನೆ ಕಟ್ಟಕಡೆಗೆ. ಅದರ ಕೆಳಗೆ ಏನೂ ಬೇಡ, “ಮನ್ಯಾಗ ಎಲ್ಲಾರೂ ಅರಾಮ ಅದಾರಲ್ಲ?” ಕೂಡ ಬೇಡ. ಅದನ್ನು ಮೊದಲಿಗೇ ಕೇಳಿಬಿಡಿ. ಕೊನೆಗೆ ಬರೆದರೆ ಅದಕ್ಕೇ ಉತ್ತರ ಬರುತ್ತದೆ.

“ಅಕ್ಕಾರ, 50 ಕೆಜಿ, ತೊಟ್ಟು ಸಮೇತ, ಹಿಂದಿನ ಅಡ್ರೆಸ್ಸಿಗೇ ಶನಿವಾರದೊಳಗ ಮುಟ್ಟಸ್ತೀನ್ರಿ. ಬಿಲ್ಲು, ಟ್ರಾನ್ಸ್‌ಪೋರ್ಟ್ ಹಿಂದಿನಂಗ. ನಾಳೆ ಮುಂಜಾನೆ ಮಾಲು ತಗೋಬೇಕು. ಡಬ್ಬಿ ಕಳಸ್ಲ್ಯೋ, ಕಡ್ಡಿ ಕಳಸ್ಲ್ಯೋ?”

ಇದಕ್ಕೆ ಒಂದೇ ಪದದಲ್ಲಿ ಉತ್ತರ ಕೊಡಬಹುದು. ಕೈಯಲ್ಲಿ ಹಿಟ್ಟು ಮೆತ್ತಿಕೊಂಡವರೂ “ಡಬ್ಬಿ” ಎಂದು ವಾಯ್ಸ್ ಮೆಸೇಜ್ ಕಳಿಸಬಹುದು.

“ಡಬ್ಬಿ ಕಳಸ್ಲ್ಯಾ?” ಎಂದಷ್ಟೇ ಕೇಳಿದ್ದರೆ ಸಾಕಿತ್ತಲ್ವಾ ಎನಿಸಬಹುದು. ಸಾಲದು. ಅದಕ್ಕೆ “ಹೂಂರಿ” ಎಂದು ಬರುತ್ತದೆ. ಓದಿ ಹೂಂ ಎಂದರೋ, ಓದದೆ ಹೂಂ ಎಂದರೋ ಗೊತ್ತಾಗುವುದಿಲ್ಲ. ಎರಡರಲ್ಲಿ ಒಂದನ್ನು ಆರಿಸಿ ಎಂದು ಕೇಳಿದರೆ ಆ ತೊಂದರೆ ಇಲ್ಲ. ಅದಕ್ಕೂ “ಹೂಂ” ಎಂದು ಬಂದರೆ ಅವರು ಓದಿಲ್ಲ ಎಂದು ಆ ಕ್ಷಣವೇ ತಿಳಿಯುತ್ತದೆ. “ಹಿಂದಿನ ಸಲ ಕಡ್ಡಿ ಒಯ್ದಿದ್ರಿ, ಅದೇನ್ರಿ?” ಎಂಬುದೂ “ಡಬ್ಬಿ ಕಳಸ್ಲ್ಯಾ?” ಬಗೆಯದೇ, ಬರೀ ಹೂಂ ಎಂದು ಬಿಡಬಹುದು. ಪ್ರತಿ ತಿಂಗಳು ಒಂದೇ ಮಾಲು ಒಯ್ಯುವವರಿಗೆ ಅದು ನಡೆಯುತ್ತದೆ. ಈ ಸಲ ಬಣ್ಣದ ಮಾತು ಹೊಸದಾಗಿ ಎತ್ತಿದವರಿಗೆ ನಡೆಯುವುದಿಲ್ಲ.

ಒಂದರೊಳಗೆ ಅಡಗಿದ ಎರಡು

ಪ್ರಶ್ನಾರ್ಥಕ ಚಿಹ್ನೆ ಒಂದೇ ಇದ್ದರೆ ಪ್ರಶ್ನೆ ಒಂದೇ ಎಂದಲ್ಲ. “ಯಾವ ಮಾಲು ಎಷ್ಟೆಷ್ಟು ಬೇಕ್ರಿ?” ಎಂಬುದರಲ್ಲಿ ಎರಡಿವೆ. “ಪೂರ್ತಿ ವಿವರ ಕಳಸ್ರಿ” ಎಂಬುದು ಪ್ರಶ್ನೆಯಂತೆ ಕಾಣುವುದೇ ಇಲ್ಲ, ಆದರೆ ಅದರಲ್ಲಿ ಹತ್ತಿವೆ. ಕಳಿಸುವ ಮೊದಲು ಆ ಕಡೆಯವರಾಗಿ ಕಡಿಮೆಯೆಂದರೆ ಎಷ್ಟು ಉತ್ತರ ಕೊಡಬಹುದು ಎಂದು ನೋಡಿ. ಆ ಚಿಕ್ಕ ಉತ್ತರ ಬಂದ ಮೇಲೆ ನೀವು ಇನ್ನೊಮ್ಮೆ ಕೇಳದೆ ಚೀಲ ಕಟ್ಟಬಹುದಾ? ಆಗದಿದ್ದರೆ ಪ್ರಶ್ನೆ ಇನ್ನೂ ಒಂದಾಗಿಲ್ಲ, ಅಥವಾ ತಪ್ಪಾದದ್ದನ್ನು ಕೇಳಿದ್ದೀರಿ.

“ಡಬ್ಬಿ ಅಂದ್ರ?” ಎಂದು ತಿರುಗಿ ಕೇಳಿದರೆ ಆಯ್ಕೆ ಸರಿ ಇದೆ, ನೀವು ಬಳಸಿದ ಹೆಸರು ಅವರಿಗೆ ತಿಳಿದಿಲ್ಲ. ಆಗ ವಿವರಿಸಲು ಹೋಗಬೇಡಿ. ಎರಡೂ ಬಗೆಯನ್ನು ಪಕ್ಕಪಕ್ಕ ಇಟ್ಟು ಒಂದೇ ಫೋಟೊ ತೆಗೆಯಿರಿ. ಕೆಳಗೆ 1, 2 ಎಂದು ಚೀಟಿ ಇಟ್ಟು “ಯಾವ ನಂಬರ್ರಿ?” ಎಂದು ಕೇಳಿ. ವಿಷಯ ಅದೇ ಒಂದು, ಹೆಸರು ಗೊತ್ತಿರುವ ಅಗತ್ಯ ಮಾತ್ರ ಹೋಯಿತು. “ಅರ್ಧ ಅರ್ಧ” ಎಂಬ ಉತ್ತರ ಬಂದರೆ ಗಾಬರಿ ಬೇಡ. 25 ಕೆಜಿ ಅದು, 25 ಕೆಜಿ ಇದು. ಒಂದು ಪ್ರಶ್ನೆಗೆ ಪೂರ್ತಿ ಉತ್ತರ ಸಿಕ್ಕಿದೆ.

ಎರಡು ನಿಜಕ್ಕೂ ಬೇಕಾದಾಗ

ಗದಗದಿಂದ ಹೊಸಬರು “50 ಕೆಜಿ ಬೇಕ್ರಿ” ಎಂದಷ್ಟೇ ಬರೆದರೆ ಹಳೆಯ ಬಿಲ್ಲಿನ ಆಸರೆ ಇಲ್ಲ. ಜಾತಿಯೂ ಗೊತ್ತಿಲ್ಲ, ವಿಳಾಸವೂ ಗೊತ್ತಿಲ್ಲ. ಆಗ ಮುಂದಿನದನ್ನು ನಿರ್ಧರಿಸುವುದು ಯಾವುದೋ ಅದನ್ನು ಮೊದಲು ಕೇಳಿ. ಜಾತಿ ಗೊತ್ತಾದರೆ ರೇಟ್ ಹೇಳಬಹುದು. ರೇಟ್ ಒಪ್ಪಿದ ಮೇಲೆ ವಿಳಾಸ. ರೇಟ್ ಒಪ್ಪದಿದ್ದರೆ ವಿಳಾಸ ಕೇಳಿಯೂ ಉಪಯೋಗವಿಲ್ಲ.

ಆದರೆ ಆ ಕಡೆಯವರು ಊರಿಗೆ ಹೊರಟು ಬಸ್ ಹತ್ತುತ್ತಿದ್ದಾರೆ, ಮತ್ತೆ ನಾಳೆ ಸಂಜೆವರೆಗೆ ಸಿಗುವುದಿಲ್ಲ ಎಂದಾದರೆ ಒಂದೊಂದಾಗಿ ಕೇಳುತ್ತಾ ಕೂರಬೇಡಿ. ಆಗ ಮೆಸೇಜ್ ಬಿಟ್ಟು ಫೋನ್ ಮಾಡಿ. ಫೋನಿನಲ್ಲೂ ಜಾತಿ ಕೇಳಿ, ಉತ್ತರ ಬರುವವರೆಗೆ ಸುಮ್ಮನಿದ್ದು, ಆಮೇಲೆ ವಿಳಾಸ ಕೇಳಿ ಬರೆದುಕೊಳ್ಳಿ.