ಫೋಟೊದ ಕಿವಿಗೆ ಜುಮುಕಿ ತೊಡಿಸುವ ಬಗೆ

ಅಮ್ಮನ ಫೋಟೊಗೆ ಕಟ್ಟು ಹಾಕಿಸಬೇಕು, ಆದರೆ ತೆಗೆಸಿದ ದಿನ ಕಿವಿ ಬರಿದಾಗಿತ್ತು, ಅವರದೇ ಜುಮುಕಿ ಹಾಕಿಕೊಡಿ ಎಂದು ಕೇಳಿಕೊಂಡು ದಾವಣಗೆರೆಯ ಸ್ಟುಡಿಯೊಗೆ ಒಂದು ಮನೆಯವರು ಬಂದಿದ್ದಾರೆ ಎಂದುಕೊಳ್ಳಿ. ಫೋಟೊಶಾಪ್‌ನಲ್ಲಿ ಜುಮುಕಿಯನ್ನು ತಂದು ಕಿವಿಯ ಮೇಲಿಡುವುದು ಐದು ನಿಮಿಷದ ಕೆಲಸ. ಅದು ಅಂಟಿಸಿದ ಬಿಂದಿಯಂತೆ ಕಾಣದ ಹಾಗೆ ಮಾಡುವುದಕ್ಕೇ ಉಳಿದ ಸಮಯವೆಲ್ಲ ಬೇಕು.

ಮೊದಲು ಬೆಳಕು ಯಾವ ಕಡೆಯಿಂದ ಬಂದಿದೆ ನೋಡಿ. ಕಣ್ಣಿನ ಕಪ್ಪಿನಲ್ಲಿರುವ ಬಿಳಿ ಚುಕ್ಕೆ ಮತ್ತು ಮೂಗಿನ ನೆರಳು ಅದನ್ನು ಹೇಳುತ್ತವೆ. ನಮ್ಮ ಫೋಟೊದಲ್ಲಿ ಬೆಳಕು ಚಿತ್ರದ ಎಡಗಡೆಯ ಕಿಟಕಿಯಿಂದ, ತುಸು ಮೇಲಿನಿಂದ ಬಂದಿದೆ. ಮುಖ ಸ್ವಲ್ಪ ಬಲಕ್ಕೆ ತಿರುಗಿರುವುದರಿಂದ ಎಡಗಡೆಯ ಕಿವಿ ಪೂರ್ತಿ ಕಾಣುತ್ತದೆ.

ಮನೆಯಲ್ಲಿರುವ ಜುಮುಕಿಯನ್ನೇ ತರಿಸಿ, ಅಂಥದೇ ಕಿಟಕಿಯ ಪಕ್ಕ ದಾರದಲ್ಲಿ ತೂಗುಹಾಕಿ ಫೋಟೊ ತೆಗೆಯಿರಿ. ಹಿಂದೆ ಬಿಳಿ ಹಾಳೆ ಇಡಬೇಡಿ. ಚಿನ್ನ ಸುತ್ತಲಿನ ಬಣ್ಣವನ್ನೆಲ್ಲ ಪ್ರತಿಬಿಂಬಿಸಿ ತೋರಿಸುತ್ತದೆ. ಬಿಳಿ ಹಾಳೆಯ ಮುಂದೆ ತೆಗೆದ ಜುಮುಕಿಯ ಅಂಚು ಬೆಳ್ಳಗಾಗಿ, ಮೈಬಣ್ಣದ ಪಕ್ಕ ತಗಡಿನಂತೆ ಕಾಣುತ್ತದೆ. ಹೊಳಪಿಲ್ಲದ ಕಂದು ಬಟ್ಟೆ ಒಳ್ಳೆಯದು. ಒಂದು ಜುಮುಕಿಯ ಚಿತ್ರವನ್ನೇ ಕನ್ನಡಿಯಂತೆ ತಿರುಗಿಸಿ ಇನ್ನೊಂದು ಕಿವಿಗೆ ಹಾಕಿದರೆ ಅದರ ಮೇಲಿನ ಹೊಳಪೂ ತಿರುಗಿ, ಬೆಳಕು ಎರಡೂ ಕಡೆಯಿಂದ ಬಂದಂತಾಗುತ್ತದೆ. ಹಾಗಾಗಿ ಎರಡನ್ನೂ ಬೇರೆ ಬೇರೆ ತೆಗೆಯುವುದೇ ಸರಿ.

Pen Tool ಹಿಡಿದು ಅಂಚಿಗಿಂತ ಒಂದು ಪಿಕ್ಸೆಲ್ ಒಳಗೆ ಕತ್ತರಿಸಿ. ಆಮೇಲೆ ಅಳತೆ. ದೊಡ್ಡವರ ಕಿವಿ ಹೆಚ್ಚುಕಡಿಮೆ 6 ಸೆಂ.ಮೀ. ಉದ್ದ. ಫೋಟೊದಲ್ಲಿ ಕಿವಿ 400 ಪಿಕ್ಸೆಲ್ ಇದ್ದು, ಓಲೆ ಸೇರಿ ಜುಮುಕಿ 4.5 ಸೆಂ.ಮೀ. ಇದ್ದರೆ ಅದು 300 ಪಿಕ್ಸೆಲ್‌ಗೆ ಬರಬೇಕು. ಕಣ್ಣಂದಾಜಿನಲ್ಲಿ ಮಾಡಿದವರು ಸಾಮಾನ್ಯವಾಗಿ ದೊಡ್ಡದು ಮಾಡಿಬಿಡುತ್ತಾರೆ.

ಇಲ್ಲಿ ಓಲೆಯನ್ನೂ ಜುಮುಕಿಯನ್ನೂ ಎರಡು ಲೇಯರ್ ಮಾಡಿಕೊಳ್ಳಬೇಕು. ಓಲೆ ಕಿವಿಹಾಲೆಗೆ ಒತ್ತಿ ಕೂತಿರುತ್ತದೆ, ತಲೆ ವಾಲಿದರೆ ಅದೂ ವಾಲುತ್ತದೆ. ಜುಮುಕಿ ಮಾತ್ರ ತಲೆ ಎತ್ತ ವಾಲಿದರೂ ನೆಟ್ಟಗೆ ನೆಲದ ಕಡೆಗೇ ತೂಗುತ್ತದೆ. ಕೆನ್ನೆಯ ಜೊತೆಗೆ ಜುಮುಕಿಯನ್ನೂ ಓರೆ ಮಾಡಿದರೆ, ಏನು ತಪ್ಪಾಗಿದೆ ಎಂದು ಹೇಳಲಾಗದವರಿಗೂ ಏನೋ ಸರಿಯಿಲ್ಲ ಅನಿಸುತ್ತದೆ.

ನೆರಳಿನಲ್ಲೂ ಇದೇ ಭೇದ. Drop Shadow ಒಡವೆಯ ಎಲ್ಲ ಭಾಗಕ್ಕೂ ಒಂದೇ ದೂರದ ನೆರಳು ಕೊಡುತ್ತದೆ, ಒಡವೆ ಅಂಟಿಸಿದಂತೆ ಕಾಣಲು ಮುಖ್ಯ ಕಾರಣ ಅದೇ. ಓಲೆಗೂ ಚರ್ಮಕ್ಕೂ ನಡುವೆ ಜಾಗವೇ ಇಲ್ಲ, ಆದ್ದರಿಂದ ಅದರ ನೆರಳು ಬಲ ಅಂಚಿಗೂ ಕೆಳಗೂ ಅಂಟಿಕೊಂಡ ಸಣ್ಣ ಗೆರೆ. ಓಲೆಯ ಲೇಯರ್ ಕೆಳಗೆ ಹೊಸ ಲೇಯರ್ ತೆಗೆದು Multiply ಮಾಡಿ, 5 ಪಿಕ್ಸೆಲ್‌ನ ಬ್ರಷ್‌ನಿಂದ ಗೆರೆ ಎಳೆದು, 2 ಪಿಕ್ಸೆಲ್ Gaussian Blur ಕೊಟ್ಟು, Opacity 60ಕ್ಕೆ ಇಳಿಸಿ. ಬಣ್ಣ ಕಪ್ಪು ಬೇಡ. ಅದೇ ಮುಖದ ಗಲ್ಲದ ಕೆಳಗಿನ ನೆರಳಿನಿಂದ ಕೆಂಪು ಬೆರೆತ ಕಂದನ್ನು ಎತ್ತಿಕೊಳ್ಳಿ. ಕಪ್ಪು ನೆರಳು ಚರ್ಮದ ಮೇಲೆ ಮಸಿ ಬಳಿದಂತಿರುತ್ತದೆ.

ಜುಮುಕಿಯ ನೆರಳು ಓಲೆಯ ಬುಡದಲ್ಲಲ್ಲ, ಅದರ ಹಿಂದಿನ ಕತ್ತಿನ ಮೇಲೆ ಬೀಳುತ್ತದೆ. ಬೆಳಕು ಪಕ್ಕದಿಂದ 45 ಡಿಗ್ರಿಯಲ್ಲಿದ್ದರೆ, ಜುಮುಕಿಗೂ ಕತ್ತಿಗೂ ಎಷ್ಟು ಅಂತರವೋ ನೆರಳು ಅಷ್ಟೇ ಪಕ್ಕಕ್ಕೆ ಸರಿಯುತ್ತದೆ. ಒಂದೂವರೆ ಸೆಂ.ಮೀ. ಅಂತರವಿದ್ದರೆ ನಮ್ಮ ಅಳತೆಯಲ್ಲಿ ಅದು 100 ಪಿಕ್ಸೆಲ್. ಜುಮುಕಿಯ ನಕಲನ್ನು ಅದರ ಲೇಯರ್ ಕೆಳಗಿಟ್ಟು, ಆ ಕಂದಿನಿಂದ ತುಂಬಿ, 100 ಪಿಕ್ಸೆಲ್ ಬಲಕ್ಕೂ ಸ್ವಲ್ಪ ಕೆಳಗೂ ಸರಿಸಿ, 12 ಪಿಕ್ಸೆಲ್ ಮಸುಕುಗೊಳಿಸಿ, Multiply ಇಟ್ಟು Opacity 30 ಮಾಡಿ. ಕತ್ತಿನ ದುಂಡಿಗೆ ತಕ್ಕಂತೆ Warpನಿಂದ ಬಾಗಿಸಿ. ಸೆರಗಿನ ಮೇಲೆ ಬಿದ್ದ ಭಾಗವನ್ನು ಅದರ ಮಡಿಕೆಗಳ ಜೊತೆ ಬಾಗಿಸಬೇಕು. ಅಷ್ಟು ಸಾಧ್ಯವಾಗದಿದ್ದರೆ ಮಾಸ್ಕ್‌ನಿಂದ ಮೆಲ್ಲಗೆ ಅಳಿಸಿಬಿಡಿ.

ಹೊಳಪಿಗೆ ನಕ್ಷತ್ರದ ಬ್ರಷ್ ಮುಟ್ಟಬೇಡಿ. ಜುಮುಕಿಯ ಉಬ್ಬಿನ ಎಡಗಡೆ ಒಂದು, ಓಲೆಯ ಹರಳಿನಲ್ಲಿ ಒಂದು, ಇವೆರಡು ಪೂರ್ತಿ ಬಿಳಿಯಾದರೆ ಸಾಕು. ಉಳಿದದ್ದು ಹಳದಿಯಾಗಿಯೇ ಇರಲಿ. ಎಲ್ಲವೂ ಮಿಂಚಿದರೆ ಚಿನ್ನವೆಂದೇ ಅನಿಸದು. ಕೆನ್ನೆಯ ಕಡೆಗಿರುವ ಅಂಚಿಗೆ ಮೈಬಣ್ಣವನ್ನು 15ರಷ್ಟು Opacityಯಲ್ಲಿ ಸವರಿ, ಚಿನ್ನ ಚರ್ಮವನ್ನೂ ಪ್ರತಿಬಿಂಬಿಸುತ್ತದೆ. ನೆರಳಿನ ಕಡೆಯ ಕಿವಿಯಲ್ಲಿ ಬಿಳಿ ಚುಕ್ಕೆಯೇ ಬೇಡ. ಅಲ್ಲಿನ ಜುಮುಕಿಯನ್ನು Curvesನಿಂದ ಆ ಕೆನ್ನೆಯಷ್ಟೇ ಮಂಕು ಮಾಡಿ, ಅದರ ಅರ್ಧ ಭಾಗ ಮುಖದ ಹಿಂದೆ ಮರೆಯಾಗಲಿ.

ಹಳೆಯ ಫೋಟೊ ತುಸು ಮಸುಕಾಗಿ ಕಾಳುಕಾಳಾಗಿರುತ್ತದೆ, ಹೊಸ ಜುಮುಕಿ ಚಾಕುವಿನಂತೆ ಚೂಪಾಗಿರುತ್ತದೆ. ರೆಪ್ಪೆಯ ಕೂದಲು ಎಷ್ಟು ಚೂಪೋ ಅಷ್ಟಕ್ಕೇ ಅದನ್ನು ಮಸುಕು ಮಾಡಿ, Add Noiseನಿಂದ ಕಾಳು ಸೇರಿಸಿ. ಕೊನೆಗೆ ಚಿತ್ರವನ್ನು ಕಪ್ಪುಬಿಳುಪಿಗೆ ತಿರುಗಿಸಿ ನೋಡಿ. ಬಣ್ಣ ಹೋದಾಗಲೂ ಕಣ್ಣು ಮುಖಕ್ಕಿಂತ ಮೊದಲು ಜುಮುಕಿಗೇ ಹೋದರೆ ಹೊಳಪು ಇನ್ನೂ ಹೆಚ್ಚಿದೆ. ದೊಡ್ಡ ಅಳತೆಯಲ್ಲಿ ಅಚ್ಚು ಹಾಕುವ ಮೊದಲು ಕಿವಿಯ ಭಾಗವನ್ನಷ್ಟೇ ಅದೇ ಅಳತೆಯಲ್ಲಿ 4×6 ಇಂಚಿನ ಕಾಗದಕ್ಕೆ ತೆಗೆದು ನೋಡಿ. ಪರದೆಯ ಮೇಲೆ ಸರಿಯಿದ್ದ ಓಲೆಯ ನೆರಳು ಕಾಗದದಲ್ಲಿ ಹೆಚ್ಚು ಕಪ್ಪಾಗಿ ಬಂದರೆ Opacityಯನ್ನು 60ರಿಂದ 50ಕ್ಕೆ ಇಳಿಸಿ.