ಸಸ್ಪೆನ್ಸ್ ಸಿನಿಮಾ ನೋಡುವುದಕ್ಕೂ ಒಂದು ಕ್ರಮವಿದೆ

ಮಳೆಗಾಲದ ಶನಿವಾರ ಮೊಮ್ಮಕ್ಕಳು ಶಿವಮೊಗ್ಗದಿಂದ ಬಂದಿಳಿದರೆ ಬ್ಯಾಗು ಬಿಚ್ಚುವ ಮೊದಲೇ ಟಿವಿ ಹಾಕುತ್ತಾರೆ. ಸಸ್ಪೆನ್ಸ್ ಸಿನಿಮಾಗಳನ್ನೇ ಸಾಲಾಗಿ ನೋಡುತ್ತೇವೆ ಎನ್ನುತ್ತಾರೆ, ಆದರೆ ಮೊದಲಿಗೇ ಅತಿ ಬಿಗಿಯಾದದ್ದನ್ನು ಹಾಕುತ್ತಾರೆ. ಆಮೇಲೆ ಹಾಕಿದ್ದೆಲ್ಲ ಸಪ್ಪೆ. ಮಧ್ಯಾಹ್ನದ ಹೊತ್ತಿಗೆ ಒಬ್ಬ ಗೊರಕೆ, ಇನ್ನೊಬ್ಬಳು ಮೊಬೈಲು.

ಎರಡು ದಿನಕ್ಕೆ ನಾಲ್ಕು ಸಾಕು. ಬಿಡುಗಡೆಯಾದ ವರ್ಷ ನೋಡಿ ಜೋಡಿಸಬೇಡಿ, ಬಿಗಿ ನೋಡಿ ಜೋಡಿಸಿ. ಶನಿವಾರ ತಿಂಡಿಯಾದ ಮೇಲೆ ‘ಬೆಲ್ ಬಾಟಂ’: ಪತ್ತೇದಾರಿಯೂ ಉಂಟು, ನಗುವೂ ಉಂಟು. ಸಂಜೆ ಕಾಫಿ ಮುಗಿಸಿ ‘ರಂಗಿತರಂಗ’. ಅದು ಉದ್ದ, ಹಾಡುಗಳೂ ಇವೆ, ಊರಿನ ಭಯವೂ ಇದೆ. ಭಾನುವಾರ ಬೆಳಿಗ್ಗೆ ತಲೆ ತಿಳಿಯಾಗಿರುವಾಗ ಸುನಿಲ್ ಕುಮಾರ್ ದೇಸಾಯಿಯವರ 1989ರ ‘ತರ್ಕ’. ಅದರಲ್ಲಿ ಹಾಡೇ ಇಲ್ಲ, ಮೌನವೇ ಹೆದರಿಸುತ್ತದೆ. ಕೊನೆಗೆ ಅವರದೇ ‘ನಿಷ್ಕರ್ಷ’: ಬ್ಯಾಂಕು, ಒತ್ತೆಯಾಳುಗಳು, ಬಂದೂಕು. ಇವೆರಡನ್ನು ಅದಲುಬದಲು ಮಾಡಿದರೆ ಗುಂಡಿನ ಸದ್ದಿಗೆ ಒಗ್ಗಿದ ಕಿವಿಗೆ ‘ತರ್ಕ’ದ ಬಾಗಿಲ ಸದ್ದು ಕೇಳುವುದೇ ಇಲ್ಲ. ಊಟದ ನಂತರದ ತೂಕಡಿಕೆಗೂ ‘ನಿಷ್ಕರ್ಷ’ವೇ ಮದ್ದು.

ಈಗ ನನ್ನ ಡಬ್ಬಿಯ ವಿಷಯ. ಚಿತ್ರ ಅರ್ಧಕ್ಕೆ ಬಂದು ‘ಮಧ್ಯಂತರ’ ಎಂದು ಬಿದ್ದ ಕೂಡಲೇ ನಿಲ್ಲಿಸಿ. ಅದು ಬೀಳದಿದ್ದರೆ ಒಂದು ದೃಶ್ಯ ಮುಗಿಯುವವರೆಗೆ ಕಾಯಿರಿ, ಮಾತಿನ ನಡುವೆ ತುಂಡರಿಸಬಾರದು. ದೀಪ ಹಾಕಿ ಎಲ್ಲರಿಗೂ ಹಳೆಯ ಕ್ಯಾಲೆಂಡರಿನ ಹಿಂಬದಿಯ ಚೀಟಿ ಕೊಡಿ. ಯಾರ ಮೇಲೆ ಗುಮಾನಿ, ಯಾಕೆ ಎಂದು ಒಂದೇ ಸಾಲು ಬರೆದು, ಮಡಚಿ, ಮುಚ್ಚಳ ಬಿಗಿಯಾದ ಸ್ಟೀಲಿನ ಡಬ್ಬಿಗೆ ಹಾಕಬೇಕು. ಬರೆಯುವವರೆಗೆ ಬಾಯಿ ಬಿಡಬಾರದು. ಒಬ್ಬ ಹೆಸರು ಹೇಳಿದರೆ ಉಳಿದವರು ಅದನ್ನೇ ಬರೆಯುತ್ತಾರೆ. ‘ಯಾಕೆ’ ಇಲ್ಲದ ಚೀಟಿಯನ್ನು ನಾನು ತಿರುಗಿಸಿ ಕೊಡುತ್ತೇನೆ. ಮೊಬೈಲೂ ಬೇಡ, ಅದರಲ್ಲಿ ಕೊಲೆಗಾರನ ಹೆಸರು ಹುಡುಕುವ ಕಳ್ಳರಿದ್ದಾರೆ. ‘ನಿಷ್ಕರ್ಷ’ದಲ್ಲಿ ದುಷ್ಟರು ಮೊದಲೇ ಗೊತ್ತಿರುವುದರಿಂದ ಪ್ರಶ್ನೆ ಬದಲಿಸಿ: ಒಳಗಿದ್ದವರು ಹೊರಬರುವುದು ಹೇಗೆ? ಡಬ್ಬಿ ತೆರೆಯುವುದು ಚಿತ್ರ ಮುಗಿದ ಮೇಲೆಯೇ. ನಾವು ಟಾಕೀಸಿಗೆ ಹೋಗುತ್ತಿದ್ದಾಗ ಮಧ್ಯಂತರದಲ್ಲಿ ಕಡಲೆಕಾಯಿ ಸುಲಿಯುತ್ತ ಪಕ್ಕದ ಸಾಲಿನವರ ಜೊತೆ ಇದೇ ವಾದ ನಡೆಯುತ್ತಿತ್ತು, ಗುರುತು ಪರಿಚಯ ಏನೂ ಬೇಕಾಗಿರಲಿಲ್ಲ.

ಎರಡು ಚಿತ್ರಗಳ ನಡುವೆ ಮಾತ್ರ ದೊಡ್ಡ ಬಿಡುವು ಇರಲಿ: ಊಟ, ಸ್ನಾನ, ತೋಟದ ಕಡೆ ಒಂದು ಸುತ್ತು. ಬಚ್ಚಲ ಒಲೆಗೆ ಹಸಿ ಕಟ್ಟಿಗೆ ತುರುಕಿ ಮನೆಯೆಲ್ಲ ಹೊಗೆ ಮಾಡುವವರಿಗೆ ಇದೇ ಸಮಯದಲ್ಲಿ ನಾನು ಉರಿ ಹಾಕುವುದನ್ನು ಕಲಿಸುತ್ತೇನೆ. ಕಣ್ಣು ಉರಿದು ತಲೆ ಭಾರವಾದವರು ಮುಂದಿನದಕ್ಕೆ ಕೂರಬೇಡಿ. ಕಡುಬಿನ ಹಿಟ್ಟು ಹಿಂದಿನ ರಾತ್ರಿಯೇ ರುಬ್ಬಿಡಿ, ಚಿತ್ರಗಳನ್ನೂ ಪೇಟೆಯಲ್ಲೇ ಇಳಿಸಿಕೊಂಡು ಬನ್ನಿ. ನಮ್ಮಲ್ಲಿ ಗಾಳಿಮಳೆ ಶುರುವಾದರೆ ಕರೆಂಟಿನ ಜೊತೆ ನೆಟ್‌ವರ್ಕೂ ಹೋಗುತ್ತದೆ; ಕೊಲೆಗಾರನ ಹೆಸರು ಬರುವ ಹೊತ್ತಿಗೇ ಹೋಗುತ್ತದೆ.