ಜರ್ಮನಿಗೆ ಬಂದ ವಿಜಯಪುರದ ಮಣೂಕ: ಸುಂಕದಲ್ಲಿ ಭೇದ ಎಲ್ಲಿ ಸರಿ, ಎಲ್ಲಿ ತಪ್ಪು

ಜರ್ಮನಿಯಲ್ಲಿ ಅಂಗಡಿ ಇಟ್ಟುಕೊಂಡು ತಿಕೋಟಾ, ಬಬಲೇಶ್ವರ ಕಡೆಯ ಮಣೂಕ ತರಿಸುವವರಿಗೆ ಮೊದಲು ಚುಚ್ಚುವುದು ಒಂದೇ ಸಂಗತಿ: ಗ್ರೀಸಿನ ಒಣದ್ರಾಕ್ಷಿಗೆ ಇಲ್ಲದ ಸುಂಕ ನಮ್ಮ ಮಾಲಿಗೆ ಯಾಕೆ? ಇದು ಅನ್ಯಾಯ ಅನ್ನಿಸಿದರೂ ವಿಶ್ವ ವ್ಯಾಪಾರ ಸಂಸ್ಥೆಯ ನಿಯಮಕ್ಕೆ ವಿರುದ್ಧವಲ್ಲ. ಆ ನಿಯಮ ಎರಡು ಕಡೆ ಎರಡು ರೀತಿ ಕೆಲಸ ಮಾಡುತ್ತದೆ. ಗಡಿಯಲ್ಲಿ ಪರಮಾಪ್ತ ರಾಷ್ಟ್ರ ತತ್ವ, ಗಡಿ ದಾಟಿದ ಮೇಲೆ ನ್ಯಾಷನಲ್ ಟ್ರೀಟ್‌ಮೆಂಟ್, ಅಂದರೆ ಹೊರಗಿನ ಮಾಲನ್ನೂ ಒಳಗಿನ ಮಾಲಿನಂತೆಯೇ ನೋಡಬೇಕೆಂಬ ತತ್ವ.

ಮೊದಲು ಗಡಿಯ ಮಾತು. ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಸರಕು ವ್ಯಾಪಾರಕ್ಕೆ ಆಧಾರವಾದ ಗ್ಯಾಟ್ ಒಪ್ಪಂದದ 1ನೇ ವಿಧಿಯ ಪ್ರಕಾರ, ಒಂದು ದೇಶದ ಮಾಲಿಗೆ ಕೊಟ್ಟ ರಿಯಾಯಿತಿಯನ್ನು ಅದೇ ಬಗೆಯ ಮಾಲಿಗೆ ಎಲ್ಲ ಸದಸ್ಯ ದೇಶಗಳಿಗೂ ಕೊಡಬೇಕು. ಲೆಕ್ಕಕ್ಕಾಗಿ ಸುಂಕ 10% ಎಂದಿಟ್ಟುಕೊಳ್ಳೋಣ. ಯುರೋಪಿಯನ್ ಒಕ್ಕೂಟ ಇರಾನಿನ ಒಣದ್ರಾಕ್ಷಿಗೆ ಅದನ್ನು 5%ಕ್ಕೆ ಇಳಿಸಿದರೆ ಭಾರತದ್ದಕ್ಕೂ ಇಳಿಸಲೇಬೇಕು. ಇರಾನ್ ಸದಸ್ಯ ದೇಶವಲ್ಲ, ಆದರೂ ‘ಯಾವುದೇ ದೇಶಕ್ಕೆ’ ಕೊಟ್ಟ ಅನುಕೂಲ ಎಂದೇ ವಿಧಿ ಹೇಳುತ್ತದೆ. ಗ್ರೀಸ್ ಮಾತ್ರ ಈ ಹೋಲಿಕೆಗೆ ಬರುವುದಿಲ್ಲ. ಅದು ಒಕ್ಕೂಟದ ಒಳಗಿನ ದೇಶ, ಅದರ ಮಾಲು ಆ ಸುಂಕದ ಗಡಿಯನ್ನು ದಾಟುವುದೇ ಇಲ್ಲ.

ಮಾಲಿನ ತಳಿ, ಬಣ್ಣ ಬೇರೆ ಎಂದು ಹೇಳಿ ಭೇದ ಮಾಡಬಹುದೇ? ಸ್ಪೇನ್ ಇದನ್ನು ಕಾಫಿಯಲ್ಲಿ ಮಾಡಿ ನೋಡಿತು. ಬ್ರೆಜಿಲ್ ಹೆಚ್ಚಾಗಿ ಕಳಿಸುತ್ತಿದ್ದ ಬಗೆಗೆ 7% ಸುಂಕ, ಬೇರೆ ಬಗೆಗೆ ಸೊನ್ನೆ. ಹುರಿಯದ ಕಾಫಿ ಬೀಜವೆಲ್ಲ ಕೊನೆಗೆ ಕುಡಿಯುವುದಕ್ಕೇ ಹೋಗುತ್ತದೆ, ಅವೆಲ್ಲ ಒಂದೇ ಬಗೆಯ ಮಾಲು ಎಂದು 1981ರಲ್ಲಿ ಗ್ಯಾಟ್ ಸಮಿತಿ ಸ್ಪೇನ್ ವಿರುದ್ಧ ತೀರ್ಪು ಕೊಟ್ಟಿತು. ನಮ್ಮ ಉದ್ದನೆಯ ಹಸಿರು ಮಣೂಕ ಮತ್ತು ಕಂದು ಬಣ್ಣದ ಒಣದ್ರಾಕ್ಷಿಗೂ ಇದೇ ತರ್ಕ ಅನ್ವಯಿಸುತ್ತದೆ.

ಇದಕ್ಕೆ ದೊಡ್ಡ ವಿನಾಯಿತಿ ಮುಕ್ತ ವ್ಯಾಪಾರ ಒಪ್ಪಂದ. 24ನೇ ವಿಧಿಯಡಿ ಅಂಥ ಒಪ್ಪಂದದ ಪಾಲುದಾರ ದೇಶಕ್ಕೆ ಸೊನ್ನೆ ಸುಂಕ ಇದ್ದರೆ ಅದನ್ನು ನಾವು ಕೇಳುವಂತಿಲ್ಲ. ಆದ್ದರಿಂದ ಒಕ್ಕೂಟದ ಸುಂಕದ ದರಗಳನ್ನು ತೋರಿಸುವ TARIC ತಾಣದಲ್ಲಿ ಒಣದ್ರಾಕ್ಷಿಯ ಸಂಕೇತ 080620 ಎಂದು ಹುಡುಕಿ. Third country duty ಎಂದಿರುವುದು ಎಲ್ಲರಿಗೂ ಅನ್ವಯಿಸುವ ದರ. Tariff preference ಎಂದಿರುವುದು ಹೆಸರಿಸಿದ ದೇಶಗಳಿಗಷ್ಟೇ. ಭಾರತಕ್ಕೆ ಅನ್ವಯಿಸುವ ರಿಯಾಯಿತಿ ಇದೆಯೇ ಎಂದು ಮಾಲು ಹಡಗು ಹತ್ತುವ ಮೊದಲೇ ನೋಡಿ. ಇದ್ದರೂ ಮೂಲದೇಶದ ದಾಖಲೆ ಸರಿಯಿಲ್ಲದಿದ್ದರೆ ಪೂರ್ತಿ ದರವೇ ಬೀಳುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ.

ಈಗ ಗಡಿ ದಾಟಿದ ಮೇಲಿನ ಮಾತು. ಒಂದು ಟನ್ ಮಣೂಕದ ಕಸ್ಟಮ್ಸ್ ಮೌಲ್ಯ 2,000 ಯೂರೋ ಇರಲಿ. 10% ಸುಂಕ 200. ಒಳಗಿನ ಸಾಗಣೆ ಬಿಟ್ಟರೆ, 2,200ರ ಮೇಲೆ ಆಹಾರ ಪದಾರ್ಥದ ವ್ಯಾಟ್ 7%, ಅಂದರೆ 154. ಬಿಲ್ಲಿನಲ್ಲಿ ಎರಡೂ ಒಂದರ ಕೆಳಗೊಂದು ಬರುವುದರಿಂದ ಎರಡನ್ನೂ ಸುಂಕ ಎಂದೇ ತಿಳಿಯುತ್ತಾರೆ. ಆದರೆ ವ್ಯಾಟ್ ಗಡಿಯಲ್ಲಿ ವಸೂಲಾದರೂ ದೇಶದೊಳಗಿನ ತೆರಿಗೆಯೇ. 2,200 ಯೂರೋಗೆ ಮಾರಾಟವಾಗುವ ಗ್ರೀಸಿನ ಮಾಲಿಗೂ ಅದೇ 154 ಬೀಳುತ್ತದೆ. ವ್ಯಾಟ್ ನೋಂದಣಿ ಇರುವ ವ್ಯಾಪಾರಿ ಇದನ್ನು ತನ್ನ ಲೆಕ್ಕದಲ್ಲಿ ಹಿಂಪಡೆಯಬಹುದು. ಸುಂಕದ 200 ಮಾತ್ರ ಹೋದದ್ದೇ. ನ್ಯಾಷನಲ್ ಟ್ರೀಟ್‌ಮೆಂಟ್ ಹೇಳುವ ಗ್ಯಾಟ್‌ನ 3ನೇ ವಿಧಿ ತಡೆಯುವುದು ಗ್ರೀಸಿನದಕ್ಕೆ 7%, ನಮ್ಮದಕ್ಕೆ 19% ಎನ್ನುವಂಥ ಭೇದವನ್ನು.

ತೆರಿಗೆ ಅಷ್ಟೇ ಅಲ್ಲ, ಮಾರುವ ರೀತಿಗೂ ಇದು ಅನ್ವಯಿಸುತ್ತದೆ. ಹೊರದೇಶದ ದನದ ಮಾಂಸವನ್ನು ಬೇರೆ ಅಂಗಡಿಯಲ್ಲೇ ಮಾರಬೇಕೆಂದು ದಕ್ಷಿಣ ಕೊರಿಯಾ ಮಾಡಿದ್ದ ನಿಯಮ 2000ದಲ್ಲಿ ಬಿದ್ದುಹೋಯಿತು. ಕಾಗದದ ಮೇಲೆ ಬರೀ ಬೇರೆ ಅಂಗಡಿ ಎಂದಷ್ಟೇ ಇದ್ದರೂ, ಇದ್ದ ಅಂಗಡಿಗಳೆಲ್ಲ ಒಮ್ಮೆಲೇ ಕೈತಪ್ಪಿ ಹೊರಗಿನ ಮಾಲಿನ ಮಾರಾಟದ ಅವಕಾಶವೇ ಕುಗ್ಗಿತ್ತು.

ಎಲ್ಲರಿಗೂ ಒಂದೇ ಆದ ಕಟ್ಟುನಿಟ್ಟು ಮಾತ್ರ ಈ ತತ್ವಕ್ಕೆ ವಿರುದ್ಧವಲ್ಲ. ಬಣ್ಣ ಹಳದಿಯಾಗಿ ಉಳಿಯಲೆಂದು ಗಂಧಕದ ಹೊಗೆ ಕೊಟ್ಟ ಮಣೂಕದಲ್ಲಿ ಸಲ್ಫರ್ ಡೈಆಕ್ಸೈಡ್ ಕಿಲೋಗೆ 2,000 ಮಿಲಿಗ್ರಾಂ ಮೀರಬಾರದು. 10 ಮಿಲಿಗ್ರಾಂ ದಾಟಿದರೆ ಪೊಟ್ಟಣದ ಮೇಲೆ ಅದನ್ನು ಎದ್ದು ಕಾಣುವಂತೆ ನಮೂದಿಸಬೇಕು. ಗ್ರೀಸಿನವರಿಗೂ ಇದೇ ಮಿತಿ. ಪರೀಕ್ಷಾ ವರದಿಯಿಲ್ಲದೆ ಮಾಲು ನಿಂತರೆ ‘ತಾರತಮ್ಯ’ ಎಂಬ ವಾದ ನಿಲ್ಲುವುದಿಲ್ಲ. ಊರಿನ ಶೆಡ್‌ನಿಂದಲೇ ವರದಿ ಮಾಡಿಸಿ ತರಿಸಿ.

ನಿಜವಾಗಿಯೇ ಈ ತತ್ವಗಳ ಉಲ್ಲಂಘನೆ ಕಂಡರೂ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ವ್ಯಾಪಾರಿ ದಾವೆ ಹೂಡುವಂತಿಲ್ಲ. ಅಲ್ಲಿಗೆ ಹೋಗಬೇಕಾದದ್ದು ಸರ್ಕಾರ, ಹಾಗಾಗಿ ದೂರು ಭಾರತದ ವಾಣಿಜ್ಯ ಸಚಿವಾಲಯಕ್ಕೆ ತಲುಪಬೇಕು. ಆದರೆ ದರವನ್ನೋ ವರ್ಗೀಕರಣವನ್ನೋ ತಪ್ಪಾಗಿ ಹಾಕಿದ್ದರೆ ಅದು ಜರ್ಮನಿಯ ಒಳಗಿನ ವ್ಯವಹಾರ: ಸುಂಕದ ಆದೇಶ ಕೈಸೇರಿದ ಒಂದು ತಿಂಗಳೊಳಗೆ ಕಸ್ಟಮ್ಸ್ ಕಚೇರಿಗೆ ಲಿಖಿತ ಆಕ್ಷೇಪಣೆ ಸಲ್ಲಿಸಬೇಕು. ಸುಂಕವನ್ನು ಅಷ್ಟರಲ್ಲಿ ಕಟ್ಟಿಯೇ ಇರಿ, ಆಕ್ಷೇಪಣೆ ಹಾಕಿದ ಮಾತ್ರಕ್ಕೆ ವಸೂಲಿ ನಿಲ್ಲುವುದಿಲ್ಲ.